ಸಿಲಿಂಡರ್ ಒಳಗೆ ತುಂಡಾದ ಕೀ: ಎಳೆದರೂ ಬಾರದಿದ್ದರೆ ತಡೆ ಎಲ್ಲಿದೆ?

ಆಟಿ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: "ಅಣ್ಣ, ಕೀ ಬೀಗದ ಒಳಗೇ ತುಂಡಾಯ್ತು, ಈಗ ಎಂತ ಮಾಡುದು?" ಉಡುಪಿ, ಮಲ್ಪೆ, ಕಾಪು ಕಡೆ ಬೀಗ ರಿಪೇರಿಗೆ ಹೋಗುವ ನನಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬಿಡುವಿಲ್ಲದೆ ಇರುತ್ತದೆ. ಮಳೆಗೆ ಮರದ ಬಾಗಿಲು ಉಬ್ಬುತ್ತದೆ, ಬೀಗದ ನಾಲಿಗೆ ಚೌಕಟ್ಟಿನ ತಗಡಿಗೆ ಒತ್ತಿ ಕೂರುತ್ತದೆ. ಒಳಗೆ ಹೋಗಬೇಕೆಂಬ ಅವಸರದಲ್ಲಿ ಜನ ಕೀಯನ್ನು ಬಲವಾಗಿ ತಿರುಗಿಸುತ್ತಾರೆ. ಹತ್ತು ವರ್ಷ ಸವೆದ ಹಿತ್ತಾಳೆ ಅಷ್ಟು ಬಲವನ್ನು ತಾಳುವುದಿಲ್ಲ.

ತುಂಡು ತೆಗೆಯುವ ಸಪೂರ ಕೊಕ್ಕೆಗಳು ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಕೊಕ್ಕೆ ತರಿಸಿಕೊಂಡವರು ಅದನ್ನು ತೂತಿಗೆ ತೂರಿಸಿ ಎಳೆಯುತ್ತಾರೆ, ತುಂಡು ಬರುವುದಿಲ್ಲ. ಇನ್ನಷ್ಟು ಎಳೆದಾಗ ಕೊಕ್ಕೆಯೂ ಮುರಿದು ಒಳಗೆ ಉಳಿಯುತ್ತದೆ. ಆಮೇಲೆ ನಾನು ಹೋದಾಗ ಒಂದರ ಬದಲು ಎರಡು ತುಂಡು ತೆಗೆಯಬೇಕಾಗುತ್ತದೆ. ನನ್ನ ಅನುಭವದಲ್ಲಿ ತುಂಡು ಬಾರದಿರುವುದಕ್ಕೆ ಕೊಕ್ಕೆಯ ಕೊರತೆ ಕಾರಣವಾಗುವುದು ಕಡಿಮೆ. ಒಳಗೆ ಪಿನ್ನುಗಳು ತುಂಡನ್ನು ಹಿಡಿದುಕೊಂಡಿರುತ್ತವೆ. ಅವು ಎರಡು ರೀತಿಯಲ್ಲಿ ಹಿಡಿಯುತ್ತವೆ, ಆ ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಯಾವುದು ಎಂದು ಮೊದಲು ತಿಳಿದುಕೊಂಡರೆ ಉಳಿದದ್ದು ಹತ್ತು ನಿಮಿಷದ ಕೆಲಸ.

ಒಳಗೆ ಏನಿದೆ

ಇಲ್ಲಿ ಹೇಳುತ್ತಿರುವುದು ಒಂದೇ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರುವ ಸಾಧಾರಣ ಹಿತ್ತಾಳೆ ಕೀ ಮತ್ತು ಅದರ ಪಿನ್ ಸಿಲಿಂಡರ್ ಬಗ್ಗೆ. ಕೀ ಹಾಕಿದಾಗ ಅದರ ಜೊತೆಗೆ ತಿರುಗುವ ಉರುಟು ಭಾಗಕ್ಕೆ ಪ್ಲಗ್ ಎನ್ನುತ್ತೇವೆ. ಅದನ್ನು ಸುತ್ತುವರಿದು, ತಿರುಗದೆ ನಿಂತಿರುವುದು ಹೊರಕವಚ. ಎರಡನ್ನೂ ಹಾದುಹೋಗುವಂತೆ ಒಂದೇ ಸಾಲಿನಲ್ಲಿ ಐದು ಅಥವಾ ಆರು ತೂತುಗಳಿರುತ್ತವೆ. ಪ್ರತಿ ತೂತಿನಲ್ಲಿ ಒಂದರ ಮೇಲೊಂದು ಎರಡು ಪಿನ್ನು, ಅವುಗಳ ಹಿಂದೆ ಒಂದು ಸ್ಪ್ರಿಂಗ್. ಕೀಗೆ ತಾಗುವ ಪಿನ್ನಿನ ತುದಿ ಮೊನಚಾಗಿರುತ್ತದೆ, ಅದು ಕೀಯ ಹಲ್ಲುಗಳ ನಡುವಿನ ತಗ್ಗಿನಲ್ಲಿ ಕೂರುತ್ತದೆ. ಸರಿಯಾದ ಕೀ ಹಾಕಿದರೆ ಎಲ್ಲ ಜೋಡಿ ಪಿನ್ನುಗಳ ನಡುವಿನ ಸಂದು ಪ್ಲಗ್ಗಿನ ಅಂಚಿಗೆ ಸರಿಯಾಗಿ ಬರುತ್ತದೆ, ಆಗ ಪ್ಲಗ್ ತಿರುಗುತ್ತದೆ.

ಕೀಯನ್ನು ಹೊರಗೆ ಎಳೆಯುವಾಗ ಪ್ರತಿ ಪಿನ್ನೂ ತಗ್ಗಿನಿಂದ ಎದ್ದು ಹಲ್ಲಿನ ಏರು ಹತ್ತಿ, ಮುಂದಿನ ತಗ್ಗಿಗೆ ಇಳಿಯಬೇಕು. ಅಂದರೆ ಪಿನ್ನಿಗೆ ಮೇಲೇಳಲು ಜಾಗ ಬೇಕು. ಪ್ಲಗ್ ತನ್ನ ಮೂಲ ಸ್ಥಾನದಲ್ಲಿದ್ದಾಗ, ಅಂದರೆ ಕೀ ಹಾಕುವಾಗ ಮತ್ತು ತೆಗೆಯುವಾಗ ಇರುವ ಜಾಗದಲ್ಲಿದ್ದಾಗ ಮಾತ್ರ, ಆ ಜಾಗ ಇರುತ್ತದೆ. ಆಗ ಎರಡೂ ಕಡೆಯ ತೂತುಗಳು ಒಂದಕ್ಕೊಂದು ಎದುರಾಗಿರುತ್ತವೆ, ಪಿನ್ನು ಸ್ಪ್ರಿಂಗನ್ನು ಒತ್ತಿಕೊಂಡು ಮೇಲೇಳುತ್ತದೆ. ಪ್ಲಗ್ ಸ್ವಲ್ಪ ತಿರುಗಿದರೂ ಪಿನ್ನಿನ ತಲೆಯ ಮೇಲೆ ಹೊರಕವಚದ ಗೋಡೆ ಬರುತ್ತದೆ. ಪಿನ್ನು ಏಳುವುದಿಲ್ಲ, ಕೀ ಬರುವುದಿಲ್ಲ. ಸರಿ ಇರುವ ಕೀಯನ್ನೇ ಅರ್ಧ ತಿರುಗಿಸಿ ಎಳೆದು ನೋಡಿ, ಅದೂ ಬರುವುದಿಲ್ಲ. ಹಾಗಿರುವಾಗ ತುಂಡು ಬರಲು ಹೇಗೆ ಸಾಧ್ಯ?

ಇದು ಮೊದಲನೆಯ ಹಿಡಿತ. ಕೀ ಹೆಚ್ಚಾಗಿ ತಿರುಗಿಸುವಾಗಲೇ ತುಂಡಾಗುವುದರಿಂದ ಪ್ಲಗ್ ಓರೆಯಾಗಿಯೇ ನಿಂತಿರುತ್ತದೆ. ನೋಡುವವರ ಕಣ್ಣಿಗೆ ಹದಿನೈದು ಇಪ್ಪತ್ತು ಡಿಗ್ರಿ ಓರೆ ಒಂದು ದೊಡ್ಡ ವಿಷಯವೆಂದು ಅನಿಸುವುದಿಲ್ಲ. ಟಾರ್ಚ್ ಹಿಡಿದು ಎದುರಿನಿಂದ ನೋಡಿ, ಕೀ ತೂತು ನೆಟ್ಟಗೆ ನಿಂತಿದೆಯೇ ಎಂದು ಸ್ಕೇಲ್ ಇಟ್ಟು ಪರೀಕ್ಷಿಸಬೇಕು.

ಎರಡನೆಯ ಹಿಡಿತವನ್ನು ಊಹಿಸುವುದು ಕಷ್ಟ. ಕೀ ಮುರಿಯುವುದು ಹೆಚ್ಚಾಗಿ ಆಳವಾದ ತಗ್ಗಿನಲ್ಲಿ, ಏಕೆಂದರೆ ಅಲ್ಲಿ ಲೋಹ ಕಡಿಮೆ. ಆ ಜಾಗಕ್ಕಿಂತ ಹೊರಗಿದ್ದ ಕೀಯ ಭಾಗ ನಿಮ್ಮ ಕೈಗೆ ಬಂದಿರುತ್ತದೆ. ಆ ಭಾಗದ ಮೇಲೆ ಕೂತಿದ್ದ ಪಿನ್ನಿಗೆ ಈಗ ಕೆಳಗೆ ಆಧಾರ ಇಲ್ಲ. ಪ್ಲಗ್ ಮೂಲ ಸ್ಥಾನಕ್ಕೆ ಬಂದೊಡನೆ ಸ್ಪ್ರಿಂಗು ಅದನ್ನು ಕೀ ತೂತಿನೊಳಗೆ ದೂಡುತ್ತದೆ. ಹೀಗೆ ಅದು ತುಂಡಿನ ಎದುರಿಗೆ ಅಡ್ಡ ಗೂಟದ ಹಾಗೆ ನಿಲ್ಲುತ್ತದೆ. ಕೀಯ ಮೂಲ ತುದಿಯಲ್ಲಾದರೆ ಪಿನ್ನನ್ನು ಎತ್ತಲು ಇಳಿಜಾರು ಇರುತ್ತದೆ. ಮುರಿದ ಅಂಚು ಮಾತ್ರ ಗೋಡೆಯ ಹಾಗೆ ನೆಟ್ಟಗೆ, ಒರಟಾಗಿ ಇರುತ್ತದೆ. ಎಳೆದಷ್ಟೂ ಅದು ಪಿನ್ನಿಗೆ ಒತ್ತುತ್ತದೆ ಹೊರತು ಅದನ್ನು ಎತ್ತುವುದಿಲ್ಲ.

ಕೈಗೆ ತಿಳಿಯುವ ವ್ಯತ್ಯಾಸ ಹೀಗಿರುತ್ತದೆ. ಕೊಕ್ಕೆ ಸರಿಯಾಗಿ ಹಿಡಿದಿದ್ದರೂ ತುಂಡು ಕಲ್ಲಿನಂತೆ ಅಲುಗದೆ ಕೂತಿದ್ದರೆ ಪ್ಲಗ್ ಓರೆಯಾಗಿದೆ. ತುಂಡು ಎರಡು ಮೂರು ಮಿಲಿಮೀಟರ್ ಸಲೀಸಾಗಿ ಬಂದು, ಅಲ್ಲಿ ಠಕ್ ಎಂದು ನಿಂತು, ಮತ್ತೆ ಎಳೆದಾಗಲೂ ಅದೇ ಜಾಗದಲ್ಲಿ ನಿಂತರೆ ಎದುರಿಗೆ ಪಿನ್ನು ಬಿದ್ದಿದೆ. ತುಂಡು ಚೂರು ಬಂದು ಕೊಕ್ಕೆ ಜಾರಿದರೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಜಾರಿದರೆ, ಆಗ ಮಾತ್ರ ಅದು ಕೊಕ್ಕೆಯ ಸಮಸ್ಯೆ.

ಮಲ್ಪೆಯ ಮನೆ

ಕಳೆದ ಆಟಿಯಲ್ಲಿ ಮಲ್ಪೆಯಿಂದ ಒಬ್ಬರು ನಿವೃತ್ತ ಟೀಚರ್ ಫೋನ್ ಮಾಡಿದರು. ಸಮುದ್ರಕ್ಕೆ ಹತ್ತಿರದ ಮನೆ, ಹಲಸಿನ ಮರದ ಬಾಗಿಲು, ಅದಕ್ಕೊಂದು ನೈಟ್ ಲ್ಯಾಚ್. ಸಂಜೆ ದೇವಸ್ಥಾನದಿಂದ ಬಂದು ಕೀ ತಿರುಗಿಸಿದಾಗ ತುಂಡಾಯಿತಂತೆ. ನಾನು ಹೋಗುವಾಗ ಮಳೆ ಧಾರಾಕಾರ ಸುರಿಯುತ್ತಿತ್ತು, ಅವರು ಜಗಲಿಯಲ್ಲಿ ಕೂತಿದ್ದರು. ಪಕ್ಕದ ಮನೆಯ ಹುಡುಗ ಪಾಪ ಸೇಫ್ಟಿ ಪಿನ್ನು ಹಿಡಿದು ಅರ್ಧ ಗಂಟೆ ಕಷ್ಟಪಟ್ಟಿದ್ದ. ಅದು ಮೆತ್ತಗಿನ ತಂತಿ, ಬಗ್ಗುತ್ತದೆ, ತುಂಡನ್ನು ಹಿಡಿಯುವುದಿಲ್ಲ. ಅವನ ಕೈಯಲ್ಲಿ ಸೂಪರ್ ಗ್ಲೂ ಟ್ಯೂಬ್ ಕೂಡ ಇತ್ತು. "ಕೀಯ ತಲೆಗೆ ಗ್ಲೂ ಹಚ್ಚಿ ಒಳಗೆ ಅಂಟಿಸಿ ಎಳೆದರೆ ಬರುದಿಲ್ವಾ ಅಣ್ಣ?" ಎಂದು ಕೇಳಿದ. ಅವನು ಅದನ್ನು ತೆರೆಯದೇ ಇದ್ದದ್ದು ಒಳ್ಳೆಯದಾಯಿತು. ಗ್ಲೂ ನೀರಿನ ಹಾಗೆ ಸಂದಿಗೆ ಇಳಿಯುತ್ತದೆ, ಮುರಿದ ಅಂಚು ಅಂಟುವ ಮೊದಲು ಪಿನ್ನು ಪ್ಲಗ್ಗಿಗೆ ಅಂಟುತ್ತದೆ. ಹಾಗೆ ಅಂಟಿದ ಸಿಲಿಂಡರನ್ನು ಉಳಿಸಲು ನನಗೆ ಇದುವರೆಗೆ ಆಗಿಲ್ಲ. ಆಯಸ್ಕಾಂತದ ಮಾತನ್ನೂ ಕೆಲವರು ಹೇಳುತ್ತಾರೆ. ಹಿತ್ತಾಳೆಯನ್ನು ಆಯಸ್ಕಾಂತ ಹಿಡಿಯುವುದಿಲ್ಲ.

ಟೀಚರ್ ಅವರ ತಂಗಿಯ ಮನೆ ಎರಡು ಮನೆ ಆಚೆ. ಅಲ್ಲಿ ಇನ್ನೊಂದು ಕೀ ಇತ್ತು. ಬಾಗಿಲು ತೆರೆಯಲು ಅದು ಆ ಹೊತ್ತಿಗೆ ಪ್ರಯೋಜನಕ್ಕೆ ಬಾರದು, ಆದರೆ ಅಳತೆಗೆ ಅದೇ ಬೇಕು. ಅದನ್ನು ತರಿಸಿ, ಮುರಿದ ತಲೆಯ ಪಕ್ಕಕ್ಕೆ ಇಟ್ಟು ನೋಡಿದೆ. ಸರಿ ಇರುವ ಕೀಯ ಭುಜದಿಂದ, ಅಂದರೆ ಕೀ ಪೂರ್ತಿ ಒಳಗೆ ಹೋದಾಗ ತೂತಿನ ಬಾಯಿಗೆ ತಾಗಿ ನಿಲ್ಲುವ ಜಾಗದಿಂದ, ತುದಿಗೆ 28 ಮಿ.ಮೀ. ಐದು ತಗ್ಗುಗಳು, ಮೊದಲನೆಯದು ಭುಜದಿಂದ 5 ಮಿ.ಮೀ. ದೂರದಲ್ಲಿ, ಆಮೇಲಿನವು 4 ಮಿ.ಮೀ. ಅಂತರದಲ್ಲಿ: 5, 9, 13, 17, 21. ಮುರಿದ ತಲೆಯಲ್ಲಿ ಉಳಿದದ್ದು 9 ಮಿ.ಮೀ. ಅಂದರೆ ಕೀ ಎರಡನೆಯ ತಗ್ಗಿನ ತಳದಲ್ಲೇ ಮುರಿದಿದೆ, ಒಳಗಿರುವ ತುಂಡು 19 ಮಿ.ಮೀ. ಮೊದಲನೆಯ ತಗ್ಗು ಪೂರ್ತಿಯಾಗಿ ನನ್ನ ಕೈಯಲ್ಲಿದೆ, ಹಾಗಾಗಿ ಮೊದಲನೆಯ ಪಿನ್ನಿನ ಕೆಳಗೆ ಏನೂ ಇಲ್ಲ. ಕೈಗೆ ಬಂದ ಭಾಗದಲ್ಲಿ ಪೂರ್ತಿ ತಗ್ಗು ಎಷ್ಟಿದೆಯೋ ಅಷ್ಟು ಪಿನ್ನುಗಳು ಎದುರಿಗೆ ಬೀಳುತ್ತವೆ ಎಂದು ಲೆಕ್ಕ. ಇಲ್ಲಿ ಒಂದು. ಕೀ ಭುಜದ ಹತ್ತಿರವೇ ಮುರಿದಿದ್ದರೆ ಯಾವ ಪಿನ್ನೂ ಬೀಳುವುದಿಲ್ಲ. ಅಂಥ ತುಂಡಿನ ಅಂಚು ತೂತಿನ ಬಾಯಿಯಲ್ಲೇ ಕಾಣುತ್ತದೆ, ಸಪೂರ ಚಿಮಟ ಸಾಕಾಗುತ್ತದೆ.

ಬೇರೆ ಕೀ ಇಲ್ಲದಿದ್ದರೆ ಸಪೂರ ತಂತಿಯನ್ನು ಹಲ್ಲಿಲ್ಲದ ಬದಿಯಿಂದ, ಕೀ ತೂತಿನ ತಳಕ್ಕೆ ತಾಗಿಸಿಕೊಂಡು ಒಳಗೆ ಬಿಡಬೇಕು. ತುಂಡಿನ ಅಂಚಿಗೆ ತಾಗಿದಾಗ ತಂತಿಯ ಮೇಲೆ ಉಗುರಿನಿಂದ ಗುರುತು ಹಿಡಿದು ಅಳೆಯಬೇಕು. ಒತ್ತಬಾರದು, ತಾಗಿಸಿದರೆ ಸಾಕು. ಈ ಮನೆಯಲ್ಲೂ ತಂತಿ 9 ಮಿ.ಮೀ.ಗೆ ನಿಂತಿತು. ಹುಡುಗನ ಪ್ರಯತ್ನದಿಂದ ತುಂಡು ಒಳಗೆ ಸರಿದಿಲ್ಲ ಎಂದು ಖಾತರಿಯಾಯಿತು.

ಕೀ ತೂತು ಬಲಕ್ಕೆ ಸುಮಾರು ಇಪ್ಪತ್ತು ಡಿಗ್ರಿ ಓರೆಯಾಗಿತ್ತು.

ಮೊದಲು ಬಾಗಿಲು, ಆಮೇಲೆ ತುಂಡು

ಇಲ್ಲಿ ಒಂದು ನಿರ್ಧಾರ ಮಾಡಬೇಕಾಗುತ್ತದೆ, ತಪ್ಪಿದರೆ ಹಿಂದೆ ಹೋಗಲು ಆಗುವುದಿಲ್ಲ. ತುಂಡು ತೆಗೆಯಲು ಪ್ಲಗ್ಗನ್ನು ಮೂಲ ಸ್ಥಾನಕ್ಕೆ ತರಬೇಕು, ಸರಿ. ಆದರೆ ಮೂಲ ಸ್ಥಾನಕ್ಕೆ ತಂದ ಕ್ಷಣ ಆಧಾರವಿಲ್ಲದ ಮೊದಲನೆಯ ಪಿನ್ನು ಕೀ ತೂತಿಗೆ ಇಳಿಯುತ್ತದೆ. ಅದೇ ತೂತಿನಲ್ಲಿ ಸ್ಪ್ರಿಂಗಿನ ಕಡೆಗಿರುವ ಹಿಂಬದಿಯ ಪಿನ್ನು ಪ್ಲಗ್ ಮತ್ತು ಹೊರಕವಚದ ನಡುವೆ ಅಡ್ಡ ನಿಲ್ಲುತ್ತದೆ. ಅಲ್ಲಿಂದ ಪ್ಲಗ್ ಯಾವ ಕಡೆಗೂ ತಿರುಗದು. ಓರೆಯಾಗಿ ನಿಂತಿರುವವರೆಗೆ ಮಾತ್ರ ಎಲ್ಲ ಹಿಂಬದಿಯ ಪಿನ್ನುಗಳೂ ಹೊರಕವಚದ ಒಳಗೇ ಇರುತ್ತವೆ, ಪ್ಲಗ್ ಸ್ವತಂತ್ರವಾಗಿ ತಿರುಗುತ್ತದೆ. ಹಾಗಾಗಿ ಬಾಗಿಲು ಮುಚ್ಚಿದ್ದರೆ, ಬೀಗ ಕಾಲು ಸುತ್ತಿನಲ್ಲೇ ತೆರೆಯುವ ನೈಟ್ ಲ್ಯಾಚ್ ಆಗಿದ್ದರೆ, ತುಂಡು ಒಳಗಿರುವಾಗಲೇ ಮುಂದಕ್ಕೆ ತಿರುಗಿಸಿ ಬಾಗಿಲು ತೆರೆದುಬಿಡಬೇಕು.

ಸಪೂರ ಚಪ್ಪಟೆ ಸ್ಕ್ರೂಡ್ರೈವರ್ ತೂತಿನೊಳಗೆ ಏಳೆಂಟು ಮಿಲಿಮೀಟರ್ ಹೋಗುವಂತೆ ಇಟ್ಟೆ, ತುಂಡಿಗೆ ತಾಗದಂತೆ. ಕೀ ಮುರಿದದ್ದೇ ನಾಲಿಗೆ ಬಿಗಿಯಾಗಿದ್ದುದರಿಂದ. ಹಾಗಿರುವಾಗ ಸ್ಕ್ರೂಡ್ರೈವರಿನಿಂದ ಬಲ ಹಾಕಿದರೆ ಪ್ಲಗ್ಗಿನ ಬಾಯಿ ಹಿಗ್ಗುತ್ತದೆ. "ಟೀಚರ್, ನೀವು ಬಾಗಿಲನ್ನು ಬೀಗದ ಹತ್ತಿರ ಒಳಗೆ ದೂಡಿ ನೋಡಿ" ಎಂದೆ. ದೂಡಿದರು, ಬಿಗಿ ಹಾಗೇ ಇತ್ತು. ಹಿಡಿಯನ್ನು ತಮ್ಮ ಕಡೆಗೆ ಎಳೆದು ಹಿಡಿದಾಗ ಸಡಿಲವಾಯಿತು. ಎರಡು ಬೆರಳಿನ ಬಲಕ್ಕೆ ಪ್ಲಗ್ ತಿರುಗಿತು, ನಾಲಿಗೆ ಹಿಂದೆ ಹೋಯಿತು, ಬಾಗಿಲು ತೆರೆಯಿತು. ಎಳೆದಾಗ ಸಡಿಲವಾಯಿತು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ, ಕೊನೆಗೆ ತಗಡು ಸರಿಮಾಡುವಾಗ ಅದು ಬೇಕಾಗುತ್ತದೆ.

ಸ್ಕ್ರೂಡ್ರೈವರ್ ಬಿಟ್ಟೊಡನೆ ನಾಲಿಗೆಯ ಸ್ಪ್ರಿಂಗು ಪ್ಲಗ್ಗನ್ನು ಹಿಂದಕ್ಕೆ ತಂದಿತು. ಕೊನೆಯ ಚೂರನ್ನು ನಾನು ಮೆಲ್ಲನೆ ತಿರುಗಿಸಿದೆ. ಟಿಕ್ ಎಂಬ ಶಬ್ದ ಕೇಳಿಸಿತು, ಪ್ಲಗ್ ಗಟ್ಟಿಯಾಗಿ ನಿಂತಿತು. ಮೊದಲನೆಯ ಪಿನ್ನು ಇಳಿದ ಶಬ್ದ ಅದು. ಮೂಲ ಸ್ಥಾನ ತಲುಪಿದೆ ಎಂಬುದಕ್ಕೆ ಸ್ಕೇಲಿಗಿಂತಲೂ ಖಚಿತವಾದ ಸಾಕ್ಷಿ. ಯಾವ ಪಿನ್ನೂ ಬೀಳದಂಥ ಮುರಿತವಾದರೆ ಈ ಶಬ್ದ ಬರುವುದಿಲ್ಲ. ಆಗ ಪ್ಲಗ್ಗನ್ನು ಆಚೆ ಈಚೆ ಕೂದಲೆಳೆಯಷ್ಟು ಅಲ್ಲಾಡಿಸುತ್ತ ತುಂಡನ್ನು ಎಳೆದು ನೋಡಬೇಕು, ಸರಿಯಾದ ಜಾಗ ಬಂದಾಗ ತುಂಡು ತಾನಾಗಿ ಸಡಿಲವಾಗುತ್ತದೆ.

ಎಳೆಯುವುದು

ನಾನು ಬಳಸುವ ಉಪಕರಣ ಮೂರೇ. ಒಂದು, ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಪಟ್ಟಿಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದೇ ಮುಳ್ಳಿರುವ ಕೊಕ್ಕೆ, ಗಾಳದ ಮುಳ್ಳಿನ ಹಾಗೆ. ಎರಡು, ಅಕ್ಕಸಾಲಿಗರು ಬಳಸುವ ಸಪೂರ ಗರಗಸದ ಬ್ಲೇಡ್. ಮೂರು, ತುದಿಯನ್ನು ಎರಡು ಮಿಲಿಮೀಟರಿನಷ್ಟು ಅಡ್ಡಕ್ಕೆ ಬಗ್ಗಿಸಿದ ಗಟ್ಟಿ ಸ್ಟೀಲ್ ತಂತಿ, ಪಿನ್ನು ಎತ್ತಲಿಕ್ಕೆ. ಬ್ಲೇಡಿನ ಹಲ್ಲುಗಳು ನಿಮ್ಮ ಕಡೆಗೆ ಮುಖ ಮಾಡಿರಬೇಕು. ಬೆರಳನ್ನು ಬ್ಲೇಡಿನ ಮೇಲೆ ಹೊರಮುಖವಾಗಿ ಎಳೆದಾಗ ನುಣುಪಾಗಿ, ಒಳಮುಖವಾಗಿ ದೂಡಿದಾಗ ಚುಚ್ಚುವಂತೆ ಇದ್ದರೆ ದಿಕ್ಕು ಸರಿ. ತಿರುಗಾ ಹಾಕಿದರೆ ಅದು ತುಂಡನ್ನು ಒಳಗೆ ದೂಡುತ್ತದೆ. ಈ ಬ್ಲೇಡ್ ಬಹಳ ಗಡಸು, ತಿರುಚಿದರೆ ಪಟ್ಟನೆ ಮುರಿಯುತ್ತದೆ. ನೇರವಾಗಿ ಎಳೆಯಲು ಮಾತ್ರ ಅದು ಲಾಯಕ್ಕು.

ಮೊದಲು, ಎಣ್ಣೆಯಿಲ್ಲದೆ ಜಾರಿಕೆ ಕೊಡುವ ಒಣ ಪಿಟಿಎಫ್‌ಇ ಸ್ಪ್ರೇಯನ್ನು ಒಂದು ಸಲ ಒತ್ತಿ ಒಂದೆರಡು ನಿಮಿಷ ಬಿಟ್ಟೆ. ಕೊಕ್ಕೆಯ ಮೇಲೆ ತುದಿಯಿಂದ 13 ಮಿ.ಮೀ.ಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿದೆ, ಏಕೆಂದರೆ ಹಿಡಿಯಬೇಕಾದದ್ದು ಮೂರನೆಯ ತಗ್ಗನ್ನು, ಅದು ಇರುವುದು ಅಷ್ಟೇ ಆಳದಲ್ಲಿ. ಎರಡನೆಯ ತಗ್ಗು ಅರ್ಧ ಮುರಿದಿರುವುದರಿಂದ ಅಲ್ಲಿ ಮುಳ್ಳಿಗೆ ಹಿಡಿತ ಸಿಗದು. ಅಳತೆ ಇಲ್ಲದೆ ತುಂಬ ಆಳಕ್ಕೆ ಹೋದರೆ ಕೊಕ್ಕೆ ಪಿನ್ನುಗಳ ನಡುವೆ ಸಿಕ್ಕಿ ಅಲ್ಲೇ ಉಳಿಯಬಹುದು.

ಕೀಯ ಮೈಯಲ್ಲಿ ಉದ್ದಕ್ಕೆ ಒಂದು ಗೀರು ಇರುತ್ತದಲ್ಲ, ಕೊಕ್ಕೆಗೆ ಅದೇ ದಾರಿ. ಗೀರಿನಲ್ಲಿ ಕೊಕ್ಕೆಯನ್ನು ಮಲಗಿಸಿದಂತೆ ಒಳಗೆ ಜಾರಿಸಿ, ಗುರುತು ತೂತಿನ ಬಾಯಿಗೆ ಬಂದಾಗ ಹಲ್ಲುಗಳ ಕಡೆಗೆ ಸ್ವಲ್ಪವೇ ಹೊರಳಿಸಿದೆ. ಮುಳ್ಳು ತಗ್ಗಿಗೆ ಬಿದ್ದದ್ದು ಕೈಗೆ ತಿಳಿಯಿತು. ಎಳೆದಾಗ ತುಂಡು ಸುಮಾರು ಎರಡೂವರೆ ಮಿಲಿಮೀಟರ್ ಬಂದು ನಿಂತಿತು. ಬಿಟ್ಟು ಮತ್ತೆ ಎಳೆದೆ, ಅದೇ ಜಾಗ. ಲೆಕ್ಕವೂ ಅದನ್ನೇ ಹೇಳುತ್ತದೆ. ತುಂಡಿನ ಅಂಚು 9ರಲ್ಲಿದೆ, ಮೊದಲನೆಯ ಪಿನ್ನಿನ ನಡು 5ರಲ್ಲಿದೆ, ಪಿನ್ನಿನ ಅರ್ಧ ದಪ್ಪ ಸುಮಾರು ಒಂದೂವರೆ. ನಡುವೆ ಉಳಿಯುವ ಜಾಗ ಎರಡೂವರೆ ಮಿಲಿಮೀಟರ್.

ಈಗ ಎಡಗೈಯಲ್ಲಿ ಕೊಕ್ಕೆಯನ್ನು ಎಳೆದು ಹಿಡಿದುಕೊಳ್ಳದೆ ಸಡಿಲ ಬಿಟ್ಟೆ. ಇದು ಮುಖ್ಯ. ಎಳೆದು ಹಿಡಿದರೆ ತುಂಡಿನ ಅಂಚು ಪಿನ್ನನ್ನು ಒತ್ತಿ ಹಿಡಿಯುತ್ತದೆ, ಪಿನ್ನು ಏಳುವುದಿಲ್ಲ. ಬಲಗೈಯಲ್ಲಿ ಬಗ್ಗಿದ ತಂತಿಯನ್ನು 5 ಮಿ.ಮೀ. ಒಳಗೆ ಬಿಟ್ಟು ಪಿನ್ನನ್ನು ಮೇಲಕ್ಕೆ ಎತ್ತಿದೆ. ಸ್ಪ್ರಿಂಗು ಒತ್ತುವುದು ಬೆರಳಿಗೆ ತಿಳಿಯುತ್ತದೆ. ಎತ್ತಿ ಹಿಡಿದುಕೊಂಡು, ಆಮೇಲೆ ಕೊಕ್ಕೆಯನ್ನು ಎಳೆದೆ. ಮೊದಲ ಸಲ ತಂತಿ ಜಾರಿತು. ಎರಡನೆಯ ಸಲ ತುಂಡು ಪಿನ್ನಿನ ಅಡಿಗೆ ನುಗ್ಗಿತು. ಅಲ್ಲಿಂದ ಮುಂದೆ ಎತ್ತುವ ಕೆಲಸ ಇಲ್ಲ, ತುಂಡಿನ ಹಲ್ಲುಗಳೇ ಪಿನ್ನುಗಳನ್ನು ಎತ್ತಿಕೊಂಡು ಬರುತ್ತವೆ. ಟಿಕ್ ಟಿಕ್ ಎಂದು ಒಂದೊಂದು ತಗ್ಗು ದಾಟುತ್ತ ಅಂಚು ಬಾಯಿಗೆ ಬಂತು, ಚಿಮಟದಿಂದ ಹಿಡಿದು ತೆಗೆದೆ. ಅಳೆದಾಗ 19 ಮಿ.ಮೀ. ಒಳಗೆ ಚೂರು ಉಳಿದಿಲ್ಲ.

ಎರಡು ಪಿನ್ನು ಬಿದ್ದಿದ್ದರೆ ತುಂಡಿಗೆ ಹತ್ತಿರದ್ದನ್ನು, ಅಂದರೆ ಒಳಗಿನದ್ದನ್ನು, ಮೊದಲು ಎತ್ತಿ ದಾಟಿಸಿ ಆಮೇಲೆ ಹೊರಗಿನದ್ದಕ್ಕೆ ಬರಬೇಕು. ಮೂರು ಬಿದ್ದಿದ್ದರೆ ನಾನು ಹೆಚ್ಚು ಹೊತ್ತು ಪ್ರಯತ್ನಿಸುವುದಿಲ್ಲ. ನೈಟ್ ಲ್ಯಾಚ್ ಆದರೆ ಒಳಬದಿಯ ಸ್ಕ್ರೂ ಬಿಚ್ಚಿ ಸಿಲಿಂಡರನ್ನೇ ಕೈಗೆ ತೆಗೆದುಕೊಳ್ಳುತ್ತೇನೆ. ಹಿಂಬದಿಯ ಪಟ್ಟಿ ಮತ್ತು ಕ್ಲಿಪ್ ಕಳಚಿದರೆ ಕೆಲವು ಸಿಲಿಂಡರುಗಳಲ್ಲಿ ಕೀ ತೂತು ಹಿಂದಕ್ಕೂ ತೆರೆದಿರುತ್ತದೆ, ತುಂಡನ್ನು ಹಿಂದಿನಿಂದ ತಂತಿಯಲ್ಲಿ ದೂಡಬಹುದು. ಆಗಲೂ ಎದುರಿಗೆ ಬಿದ್ದ ಪಿನ್ನುಗಳನ್ನು ಎತ್ತಿ ಹಿಡಿಯಬೇಕು, ಆದರೆ ಎರಡೂ ಕಡೆಯಿಂದ ಕೆಲಸ ಮಾಡಬಹುದಾದ್ದರಿಂದ ಸುಲಭ.

ಫ್ಲ್ಯಾಟಿನ ಬೀಗವಾದರೆ

ಮಂಗಳೂರಿನ ಫ್ಲ್ಯಾಟುಗಳಲ್ಲಿ ಹೆಚ್ಚಾಗಿ ಕಾಣುವುದು ಬಾಗಿಲಿನ ದಪ್ಪದೊಳಗೆ ಕೂರಿಸಿದ ಬೀಗ ಮತ್ತು ಎರಡೂ ಕಡೆ ಕೀ ಹಾಕುವ ಉದ್ದ ಸಿಲಿಂಡರ್. ಅಲ್ಲಿ ಮೂರು ವಿಷಯ ಬದಲಾಗುತ್ತದೆ. ಪಿನ್ನುಗಳು ಕೆಳಬದಿಯಲ್ಲಿರುತ್ತವೆ, ಕೀಯ ಹಲ್ಲು ಕೆಳಮುಖ, ಹಾಗಾಗಿ ಪಿನ್ನನ್ನು ಎತ್ತುವ ಬದಲು ಕೆಳಕ್ಕೆ ಒತ್ತಬೇಕು. ಎರಡನೆಯದಾಗಿ, ಆ ಬೀಗಕ್ಕೆ ಪೂರ್ತಿ ಒಂದು ಅಥವಾ ಎರಡು ಸುತ್ತು ಬೇಕು. ಪಿನ್ನು ಬಿದ್ದಿರುವ ಮುರಿತದಲ್ಲಿ ತುಂಡನ್ನು ಇಟ್ಟುಕೊಂಡು ತಿರುಗಿಸಿದರೆ ಮೂಲ ಸ್ಥಾನ ದಾಟುವಾಗಲೇ ಅದು ನಿಂತುಬಿಡುತ್ತದೆ. ಇನ್ನೂ ಕೆಟ್ಟದ್ದು ಅರ್ಧ ಸುತ್ತಿನ ಜಾಗ. ಅಲ್ಲಿ ಕೀ ತೂತಿನ ಬೆನ್ನಿನ ಸೀಳು ಪಿನ್ನುಗಳಿಗೆ ಎದುರಾಗುತ್ತದೆ, ತೂತು ಖಾಲಿ ಇದ್ದರೆ ಹಿಂಬದಿಯ ಪಿನ್ನು ಅದರೊಳಗೆ ನುಗ್ಗಿ ಪ್ಲಗ್ ತಲೆಕೆಳಗಾಗಿ ಸಿಕ್ಕಿಬೀಳುತ್ತದೆ. ಹಾಗಾಗಿ ಇಂಥ ಬೀಗದಲ್ಲಿ ಸುತ್ತಿಸುವ ಯೋಚನೆ ಬಿಟ್ಟು ಹತ್ತಿರದ ದಾರಿಯಲ್ಲಿ ಮೂಲ ಸ್ಥಾನಕ್ಕೆ ತಂದು ತುಂಡನ್ನೇ ಮೊದಲು ತೆಗೆಯುವುದು ಒಳ್ಳೆಯದು. ಅರ್ಧ ಸುತ್ತಿನ ಜಾಗ ದಾಟಲೇಬೇಕಾದರೆ ಸ್ಕ್ರೂಡ್ರೈವರಿನ ತುದಿ ಮೊದಲನೆಯ ಪಿನ್ನಿನ ಜಾಗವನ್ನು ಮುಚ್ಚಿಕೊಂಡೇ ಇರಬೇಕು, ನಡುವೆ ನಿಲ್ಲಿಸಬಾರದು.

ಮೂರನೆಯದು, ಮನೆಯೊಳಗೆ ಇರುವವರು ಒಳಗಿನಿಂದ ಕೀ ಹಾಕಿದರೂ ಅದು ತಿರುಗದಿರಬಹುದು. ಕೀ ಹಾಕಿದ ಕಡೆಯ ಪ್ಲಗ್ಗನ್ನು ಬೀಗಕ್ಕೆ ಜೋಡಿಸುವ ಕ್ಲಚ್ ಸಿಲಿಂಡರಿನ ನಡುವೆ ಇರುತ್ತದೆ, ಹೊರಗಿನ ತುಂಡಿನ ತುದಿ ಅದನ್ನು ಒತ್ತಿ ಹಿಡಿದಿರುತ್ತದೆ. ಒಳಗಿನವರು ಗಾಬರಿಯಾಗಿ ಬಲ ಹಾಕಿ ಆ ಕೀಯನ್ನೂ ಮುರಿದದ್ದನ್ನು ನೋಡಿದ್ದೇನೆ.

ತುಂಡು ಬಂದ ಮೇಲೆ

ಟೀಚರ್ ಅವರಿಗೆ ತುಂಡಿನ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಮೂರನೇ ಒಂದು ಭಾಗ, ತಗ್ಗಿನ ತಳದ ಕಡೆ, ಕಂದು ಕಪ್ಪಾಗಿತ್ತು. ಉಳಿದದ್ದು ಹೊಳೆಯುವ ಹಳದಿ. ಕಪ್ಪಾದ ಭಾಗ ಎಷ್ಟೋ ದಿನದ ಹಿಂದೆಯೇ ಬಿರುಕು ಬಿಟ್ಟದ್ದು, ಉಪ್ಪುಗಾಳಿ ತಾಗಿ ಬಣ್ಣ ಕಟ್ಟಿದೆ. ಹೊಳೆಯುವ ಭಾಗ ಆ ಸಂಜೆ ಮುರಿದದ್ದು. ಪೂರ್ತಿ ಹೊಳೆಯುತ್ತಿದ್ದರೆ, ಜೊತೆಗೆ ತುಂಡು ತಿರುಚಿಕೊಂಡಿದ್ದರೆ, ಒಂದೇ ಸಲದ ಅತಿಬಲ ಎನ್ನಬಹುದು. ಇಲ್ಲಿ ಕೀ ಬಹಳ ದಿನಗಳಿಂದ ಸ್ವಲ್ಪ ಸ್ವಲ್ಪವೇ ಮುರಿಯುತ್ತ ಬಂದಿದೆ, ಅಂದರೆ ಬೀಗ ಬಹಳ ದಿನಗಳಿಂದ ಬಿಗಿಯಾಗಿದೆ. ಬಿಗಿ ಎಲ್ಲಿದೆ ಎಂದು ನೋಡದೆ ಹೊಸ ಕೀ ಕೊಟ್ಟರೆ ಅದಕ್ಕೂ ಇದೇ ಗತಿ.

ಬಾಗಿಲು ತೆರೆದಿಟ್ಟು ತಂಗಿ ಮನೆಯ ಕೀಯನ್ನು ಹಾಕಿ ತಿರುಗಿಸಿದೆ. ಹೋಗುವಾಗ ಬರುವಾಗ ಜಿಗುಟು. "ಇದಕ್ಕೆ ಎಣ್ಣೆ ಬಿಟ್ಟಿದ್ರಾ ಟೀಚರ್?" "ಪ್ರತಿ ಮಳೆಗಾಲ ಎರಡು ಹನಿ ತೆಂಗಿನೆಣ್ಣೆ ಬಿಡ್ತೇನೆ ಮಾರಾಯ, ತುಕ್ಕು ಹಿಡಿಬಾರದು ಅಂತ." ನಮ್ಮ ಊರಿನ ಪ್ರತಿ ಮನೆಯಲ್ಲೂ ಇದು ಉಂಟು, ಒಳ್ಳೆಯ ಮನಸ್ಸಿನಿಂದಲೇ ಮಾಡುವುದು. ಆದರೆ ಆ ಎಣ್ಣೆ ಕಾಲ ಕಳೆದಂತೆ ಅಂಟಾಗುತ್ತದೆ, ಕೆಂಪುಕಲ್ಲಿನ ಹುಡಿಯನ್ನೂ ಮರಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಿನ್ನುಗಳು ಆ ಕೆಸರಿನಲ್ಲಿ ಏಳಲಾರದೆ ಏಳುತ್ತವೆ. ಎಣ್ಣೆ ಇರುವ ಬೀಗಕ್ಕೆ ಗ್ರಾಫೈಟ್ ಹುಡಿ ಹಾಕುವುದೂ ತಪ್ಪು, ಎರಡೂ ಸೇರಿ ಕಪ್ಪು ಗಂಜಿಯಾಗುತ್ತದೆ. ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ನಳಿಕೆಯನ್ನು ತೂತಿಗಿಟ್ಟು ತೊಳೆದೆ, ಕೀಯನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದೆ, ಪ್ರತಿ ಸಲ ಬಟ್ಟೆಯಲ್ಲಿ ಒರೆಸಿದೆ. ಮೊದಲು ಕಪ್ಪು, ಆಮೇಲೆ ಕೆಂಪು, ನಾಲ್ಕನೆಯ ಸಲ ತೊಳೆದಾಗ ಬಟ್ಟೆ ಬೆಳ್ಳಗೆ ಉಳಿಯಿತು. ಒಣಗಿದ ಮೇಲೆ ಒಣ ಪಿಟಿಎಫ್‌ಇ ಒಂದೇ ಸಲ. ಈಗ ಕೀ ಒಂದು ಬೆರಳಿಗೆ ತಿರುಗಿತು.

ಬಾಗಿಲು ಮುಚ್ಚಿ ತಿರುಗಿಸಿದೆ, ಮತ್ತೆ ಬಿಗಿ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಎಂದರೆ ದೋಷ ಸಿಲಿಂಡರಿನಲ್ಲಿ ಇಲ್ಲ, ಬಾಗಿಲು ಮತ್ತು ಚೌಕಟ್ಟಿನ ನಡುವೆ ಇದೆ. ನಾಲಿಗೆಗೆ ಚಾಕ್ ಹಚ್ಚಿ ಬಾಗಿಲು ಮುಚ್ಚಿ ತೆರೆದೆ. ಚಾಕಿನ ಗುರುತು ತಗಡಿನ ಒಳ ಅಂಚಿನಲ್ಲಿ, ಬಾಗಿಲು ತೆರೆಯುವ ಕಡೆಗೆ ಬಿದ್ದಿತ್ತು. ಹೊರಕ್ಕೆ ಎಳೆದು ಹಿಡಿದಾಗ ಸಡಿಲವಾದದ್ದು ಇದಕ್ಕೇ. ಉಬ್ಬಿದ ಬಾಗಿಲು ಚೌಕಟ್ಟಿನ ಮೆಟ್ಟಿಲಿಗೆ ಪೂರ್ತಿ ಕೂರದೆ ಒಳಮುಖವಾಗಿ ನಿಂತು, ನಾಲಿಗೆಯನ್ನು ತಗಡಿನ ಅಂಚಿಗೆ ಒತ್ತುತ್ತಿತ್ತು.

ಟೀಚರ್ ಬಡಗಿಯನ್ನು ಕರೆಸಿ ಬಾಗಿಲು ಕೀಸುವ ಮಾತಾಡಿದರು. ಆಟಿಯಲ್ಲಿ ಕೀಸಬೇಡಿ ಎಂದೆ. ಈಗ ಉಬ್ಬಿದ ಅಳತೆಗೆ ಕೀಸಿದರೆ ಮಾರ್ಚ್ ಏಪ್ರಿಲ್‌ನಲ್ಲಿ ಮರ ಒಣಗಿ ಸಂದು ಬೀಳುತ್ತದೆ, ಆಗ ನಾಲಿಗೆ ತಗಡಿಗೆ ಸಾಕಷ್ಟು ಹೋಗುವುದಿಲ್ಲ. ತಗಡನ್ನು ಬಿಚ್ಚಿ, ಗುರುತು ಬಿದ್ದ ಅಂಚನ್ನು ಚಪ್ಪಟೆ ಅರದಿಂದ ಒಂದೂವರೆ ಮಿಲಿಮೀಟರ್ ಅರೆದು ಹಿಂದೆ ಕೂರಿಸಿದೆ. ಬಾಗಿಲು ಮುಚ್ಚಿದಾಗಲೂ ಎರಡು ಬೆರಳಿಗೆ ತಿರುಗುವಷ್ಟು ಸಡಿಲವಾಯಿತು.

ಮುರಿದ ಎರಡು ತುಂಡುಗಳನ್ನು ಜೋಡಿಸಿ ಹೊಸ ಕೀ ಕಡಿಸಬಹುದಲ್ಲ ಎಂದು ಹುಡುಗ ಕೇಳಿದ. ಬೇರೆ ದಾರಿಯೇ ಇಲ್ಲದಿದ್ದರೆ ಆಗುತ್ತದೆ. ಆದರೆ ಸವೆದ ಕೀಯಿಂದ ಕಡಿದರೆ ಸವಕಳಿಯೂ ಹೊಸ ಕೀಗೆ ಬರುತ್ತದೆ, ಜೋಡಿಸುವಾಗ ಕಾಲು ಮಿಲಿಮೀಟರ್ ವ್ಯತ್ಯಾಸವಾದರೂ ತಗ್ಗುಗಳು ಜಾಗ ತಪ್ಪುತ್ತವೆ. ತಂಗಿ ಮನೆಯ ಕೀ ಹೆಚ್ಚು ಬಳಸದೆ ಇದ್ದದ್ದು, ಅದರ ಹಲ್ಲುಗಳು ಇನ್ನೂ ಚೂಪಾಗಿದ್ದವು. ಅದರಿಂದಲೇ ಎರಡು ಕಡಿದುಕೊಟ್ಟೆ. ಮರುದಿನ ಬೆಳಿಗ್ಗೆ ತಂದುಕೊಟ್ಟಾಗ ಎರಡನ್ನೂ ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಮುಚ್ಚಿ, ಟೀಚರ್ ಅವರ ಕೈಯಿಂದಲೇ ತಿರುಗಿಸಿ ನೋಡಿದೆವು. ಒಂದು ಮೂರನೆಯ ತಗ್ಗಿನಲ್ಲಿ ಸ್ವಲ್ಪ ಹಿಡಿಯುತ್ತಿತ್ತು, ಅರದಿಂದ ಅಂಚಿನ ಮುಳ್ಳು ತೆಗೆದ ಮೇಲೆ ಅದೂ ಸರಿಹೋಯಿತು.